ಎಂಟು ಗಂಟೆಯ ಹತ್ತು ಸಾಲು

ನಾನು ಏಳನೇ ಕ್ಲಾಸು ಮುಗಿಸಲಿಲ್ಲ. ಇದನ್ನು ಯಾರೂ ಕೇಳದಿದ್ದರೂ ಮೊದಲೇ ಹೇಳಿಬಿಡುವುದು ನನ್ನ ಅಭ್ಯಾಸ. ಆಮೇಲೆ ಬೇರೆಯವರು ಅದನ್ನು ಪತ್ತೆಹಚ್ಚಿದವರ ಹಾಗೆ ನನ್ನ ಮುಂದೆ ಇಡುವುದು ಬೇಡ. ಮಸ್ಕತ್ತಿನಲ್ಲಿ ನಾನು ಕೆಲಸಕ್ಕಿದ್ದ ಕಂಪನಿಯಲ್ಲಿ ಈ ಏಳನೇ ಕ್ಲಾಸಿನವನೇ ಐದು ವರ್ಷ ದಿನವೂ ಬೆಳಿಗ್ಗೆ ಎಂಟು ಗಂಟೆಗೆ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆದು ಸೇಠರ ಮೇಜಿನ ಮೇಲೆ ಇಟ್ಟಿದ್ದೇನೆ. ಆ ಹತ್ತು ಸಾಲಿನ ವಿಷಯವನ್ನೇ ಈಗ ಬರೆಯುತ್ತಿರುವುದು.

ನಮ್ಮದು ಈರುಳ್ಳಿ, ಬಟಾಟೆ, ಅಕ್ಕಿ, ಬೇಳೆ ತರಿಸುವ ಕಂಪನಿ. ಮಸ್ಕತ್ತಿನ ಬಂದರು ಮುತ್ರಾದ ಹಳೆ ಪೇಟೆಯ ಹಿಂದೆ ಆಫೀಸು, ಕರಾವಳಿಗುಂಟ ಇನ್ನೂರು ಕಿಲೋಮೀಟರ್ ಆಚೆ ಸಹಮ್‌ನಲ್ಲಿ ಗೋದಾಮು. ಸೇಠರು ಕಚ್ಛ್ ಕಡೆಯವರು, ಅವರ ಅಜ್ಜನ ಕಾಲದಿಂದ ಒಮಾನಿನಲ್ಲಿ ಇದ್ದವರು. ಮಾಲು ಹೆಚ್ಚಾಗಿ ಭಾರತದಿಂದ ಹಡಗಿನಲ್ಲಿ ಬರುತ್ತಿತ್ತು. ಅಲ್ಲಿ ಮಳೆ ಹೆಚ್ಚಾದರೆ, ಸರಕಾರ ರಫ್ತು ನಿಲ್ಲಿಸಿದರೆ, ಬಂದರಿನ ಕೂಲಿಗಳು ಮುಷ್ಕರ ಹೂಡಿದರೆ ಅದರ ಬಿಸಿ ನಮಗೆ ತಟ್ಟುತ್ತಿತ್ತು. ಊರಿನ ಪೇಪರು ನಮ್ಮ ಕೈಗೆ ಬರುವಾಗ ಹಳತಾಗಿರುತ್ತಿತ್ತು. ಹಾಗಾಗಿ ನಮಗೆ ದಿಕ್ಕು ರೇಡಿಯೋ.

ದೆಹಲಿಯ ಬೆಳಗಿನ ಇಂಗ್ಲಿಷ್ ವಾರ್ತೆ ನಮ್ಮ ಗಡಿಯಾರದಲ್ಲಿ ಆರು ನಲವತ್ತಕ್ಕೆ ಬರುತ್ತಿತ್ತು. ಅಲ್ಲಿಗೂ ನಮಗೂ ಒಂದೂವರೆ ಗಂಟೆಯ ವ್ಯತ್ಯಾಸ. ಆಫೀಸಿನ ಸ್ಟೆನೋ ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು, ನನಗಿಂತ ಎರಡು ವರ್ಷಕ್ಕೆ ಚಿಕ್ಕವರು. ಗಂಡನ ಕಾರಿನಿಂದ ಆರೂವರೆಗೆ ಇಳಿದು, ಕಿಟಕಿಯ ಹತ್ತಿರ ರೇಡಿಯೋ ಇಟ್ಟು, ಅದರ ಏರಿಯಲ್ ಕಡ್ಡಿಗೆ ಒಂದು ತಾಮ್ರದ ತಂತಿ ಸಿಕ್ಕಿಸಿ, ವಾರ್ತೆಯನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಟೇಪ್ ರೆಕಾರ್ಡರೂ ಓಡುತ್ತಿರುತ್ತಿತ್ತು. ಗರಗರ ಶಬ್ದದಲ್ಲಿ ಏನಾದರೂ ತಪ್ಪಿಹೋದರೆ ಕ್ಯಾಸೆಟ್ ತಿರುಗಿಸಿ ಕೇಳಬಹುದಲ್ಲ. ಏಳೂವರೆಗೆ ನಾಲ್ಕು ಪುಟ ಟೈಪಾಗಿ ನನ್ನ ಕೈಗೆ. ನಾನು ಅದನ್ನು ಒಂದೇ ಹಾಳೆಗೆ ಇಳಿಸಬೇಕು, ಇಪ್ಪತ್ತು ನಿಮಿಷದಲ್ಲಿ. ಒಂದು ಪ್ರತಿ ಸೇಠರಿಗೆ, ಒಂದು ಫ್ಯಾಕ್ಸಿನಲ್ಲಿ ಸಹಮ್ ಗೋದಾಮಿಗೆ.

ಈ ಕೆಲಸ ನನಗೆ ಯಾಕೆ ಬಂತು ಎಂದರೆ ನಾನು ಟೆಲೆಕ್ಸ್ ಆಪರೇಟರ್. ಟೈಪು ಮಾಡಿದ್ದನ್ನು ತಂತಿಯ ಮೇಲೆ ದೂರದ ಊರಿಗೆ ಕಳಿಸುವ ಯಂತ್ರ ಅದು, ಲೈನು ಹಿಡಿದು ಕೂತಷ್ಟೂ ಖರ್ಚು. ಬೇಡದ ಪದ ಯಾವುದು, ತೆಗೆದರೆ ಮುಗ್ಗರಿಸಿ ಬೀಳುವ ಪದ ಯಾವುದು ಎಂಬುದನ್ನು ನನಗೆ ಯಾವ ಮೇಷ್ಟ್ರೂ ಕಲಿಸಲಿಲ್ಲ, ಆ ಯಂತ್ರ ಕಲಿಸಿತು. ಸೇಠರು ಒಂದು ದಿನ ನನ್ನ ಟೆಲೆಕ್ಸ್ ನೋಡಿ, "ವಾರ್ತೆಯನ್ನೂ ಹೀಗೆಯೇ ಮಾಡಿ ಕೊಡು ಭಾಯ್, ನಾಲ್ಕು ಪುಟ ಓದಲು ನನಗೆ ಪುರುಸೊತ್ತಿಲ್ಲ" ಎಂದರು. ಅಂದಿನಿಂದ ಶುರು.

ಹಾಳೆಯಲ್ಲಿ ಪೆನ್ಸಿಲಿನಿಂದ ಉದ್ದಕ್ಕೆ ಮೂರು ಮನೆ ಎಳೆಯುತ್ತಿದ್ದೆ. ಯಾರು, ಏನು, ಯಾವಾಗ. ಟೈಪಾದ ಪುಟಗಳನ್ನು ಮೊದಲು ಒಮ್ಮೆ ಪೂರ್ತಿ ಓದಬೇಕು. ಓದುತ್ತಾ ಹೋದ ಹಾಗೆ ಬರೆಯುತ್ತಾ ಹೋದರೆ ಮೊದಲ ಪುಟದಲ್ಲೇ ಹತ್ತು ಸಾಲು ಮುಗಿದು, ಕೊನೆಯ ಪುಟದಲ್ಲಿರುವ ಅಕ್ಕಿಯ ಸುದ್ದಿಗೆ ಜಾಗ ಇರುವುದಿಲ್ಲ. ಎರಡನೇ ಓದಿನಲ್ಲಿ ಗೀಟು. ಆಮೇಲೆ ಒಂದು ಸುದ್ದಿಗೆ ಒಂದು ಸಾಲು. ವಾರ್ತೆಯವರು, ಕೇಂದ್ರದ ಆಹಾರ ಮಂತ್ರಿ ನಿನ್ನೆ ಲೋಕಸಭೆಯಲ್ಲಿ ಪ್ರಶ್ನೆಗೆ ಉತ್ತರಿಸುತ್ತಾ, ಬಾಸ್ಮತಿ ಅಲ್ಲದ ಅಕ್ಕಿಯ ರಫ್ತಿಗೆ ಅನುಮತಿ ಕೊಡುವ ವಿಚಾರ ಸರಕಾರದ ಪರಿಶೀಲನೆಯಲ್ಲಿದೆ ಎಂದು ತಿಳಿಸಿದರು ಎಂದು ಓದಿದರೆ, ನನ್ನ ಸಾಲು ಹೀಗೆ: ಆಹಾರ ಮಂತ್ರಿ, ಲೋಕಸಭೆಯಲ್ಲಿ, ಸಾದಾ ಅಕ್ಕಿ ರಫ್ತು ಪರಿಶೀಲನೆಯಲ್ಲಿ ಎಂದರು, ಮಂಗಳವಾರ. 'ಪರಿಶೀಲನೆಯಲ್ಲಿ' ಎಂಬುದನ್ನು ನುಂಗಿದರೆ ಅಕ್ಕಿ ಹಡಗು ಹತ್ತಿದ ಹಾಗೆ ಆಗುತ್ತದೆ.

'ನಿನ್ನೆ', 'ಇಂದು', 'ನಾಳೆ' ಎಂದು ನಾನು ಬರೆದವನಲ್ಲ. ಸಹಮ್‌ನಲ್ಲಿ ಆ ಹಾಳೆಯನ್ನು ಡ್ರೈವರುಗಳು ಮಧ್ಯಾಹ್ನಕ್ಕೆ ಓದುತ್ತಾರೆ, ಮಾಲು ಕೊಳ್ಳಲು ಖರ್ಜೂರದ ತೋಟದಿಂದ ಬಂದ ಒಬ್ಬ ಮಾರನೇ ದಿನ ಓದುತ್ತಾನೆ. ಅವನ ಇಂದು ಯಾವುದು? ಹಾಗಾಗಿ ವಾರದ ಹೆಸರು. ಗಂಟೆ ಇದ್ದರೆ ಭಾರತದ ಗಂಟೆ ಎಂದು ಸ್ಪಷ್ಟವಾಗಿ ಬರೆಯುವುದು. ವಾರ್ತೆಯಲ್ಲಿ ಇಲ್ಲದ್ದನ್ನು ಸೇರಿಸಬಾರದು, ನನಗೆ ಗೊತ್ತಿದ್ದರೂ ಸೇರಿಸಬಾರದು. ಈ ಕಟ್ಟಳೆಗಳನ್ನೆಲ್ಲ ನಾನೇ ಮಾಡಿಕೊಂಡದ್ದು, ಒಂದೊಂದನ್ನೂ ಒಂದೊಂದು ಬೈಗುಳ ತಿಂದು.

ಎಂಬತ್ತರ ದಶಕದ ಕೊನೆಗೆ ಕಂಪನಿಗೆ ಒಬ್ಬ ಹೊಸ ಆಫೀಸರ್ ಬಂದ. ನಮ್ಮ ಕರಾವಳಿಯ ಹುಡುಗನೇ, ಬಿ.ಎ. ಮಾಡಿದವ, ಊರಿನಲ್ಲಿ ಒಂದು ಇಂಗ್ಲಿಷ್ ಪೇಪರಿನಲ್ಲಿ ಆರು ತಿಂಗಳು ಇದ್ದನಂತೆ. ನೋಡಲು ಚಂದ, ಟೈ ಕಟ್ಟುತ್ತಿದ್ದ, ಕೆಟ್ಟವನೂ ಅಲ್ಲ. ಬಂದ ವಾರದಲ್ಲೇ ನನ್ನ ಹಾಳೆಯನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿ ನೋಡಿದ.

"ಇದೆಂತ ಮಾರಾಯ್ರೆ, ಇಡೀ ಕ್ಯಾಪಿಟಲ್ ಅಕ್ಷರ? ಇದು ಹೆಡ್‌ಲೈನಾ, ರೇಷನ್ ಚೀಟಿಯಾ?"

"ಎರಡೂ ಓದಲಿಕ್ಕೇ ಇರುವುದಲ್ಲ ಸರ್," ಎಂದೆ.

"'ಮಂತ್ರಿ ಹೇಳಿದರು', 'ಅಧಿಕಾರಿ ಹೇಳಿದರು'. ಪ್ರತಿ ಸಾಲಿಗೂ ಇದು ಎಂತಕ್ಕೆ? ಹೆಡ್‌ಲೈನ್ ಅಂದ್ರೆ ಪಟ್ ಅಂತ ಹೊಡೀಬೇಕು. ಹೇಳಿದ್ದು ಯಾರಾದ್ರೆ ಎಂತ, ಆದದ್ದು ಮುಖ್ಯ."

"ಆಗಿದ್ರೆ ಸರಿ. ಆಗದಿದ್ರೆ?"

ಅವನು ನಕ್ಕು ಸ್ಟೆನೋ ಕಡೆ ತಿರುಗಿದ. "ನಿಮ್ಮ ಟೆಲೆಕ್ಸ್ ಮಾಸ್ತರು ವಕೀಲಿಕೆ ಎಲ್ಲಿ ಕಲಿತದ್ದು?"

ಆಕೆ ಟೈಪ್ ಮಾಡುತ್ತಾ ತಲೆ ಎತ್ತದೆ, "ಅದು ಹುಟ್ಟಿನಿಂದಲೇ ಉಂಟು ಸರ್," ಎಂದರು.

ಒಂದು ತಿಂಗಳೊಳಗೆ ಅವನು ಸೇಠರನ್ನು ಒಪ್ಪಿಸಿದ. ಹಾಳೆ ಇನ್ನು ಅವನು ಬರೆಯುವುದು, ನಾನು ಫ್ಯಾಕ್ಸ್ ಮಾಡುವುದು. ಸೇಠರು ನನ್ನನ್ನು ಕರೆದು, "ನೀನು ಕಷ್ಟಪಟ್ಟಿದ್ದೀ, ಈಗ ಸ್ವಲ್ಪ ಆರಾಮ ಮಾಡು" ಎಂದರು. ಆರಾಮ ಬೇಕೆಂದು ನಾನು ಯಾರನ್ನೂ ಕೇಳಿರಲಿಲ್ಲ. ಆ ದಿನ ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಪೆನ್ಸಿಲನ್ನು ಮಾತ್ರ ಅವನಿಗೆ ಕೊಡಲಿಲ್ಲ.

ಎರಡು ವಾರ ಕಳೆಯಿತು. ನಮ್ಮ ಈರುಳ್ಳಿ ಹೊರಡುವ ಬಂದರಿನಲ್ಲಿ ಮುಷ್ಕರ ಶುರುವಾಗಿ ಒಂಬತ್ತನೇ ದಿನ. ಸಹಮ್ ಗೋದಾಮಿನಲ್ಲಿ ನೆಲ ಕಾಣುತ್ತಿತ್ತು. ಸೇಠರು ಕರಾಚಿಯ ಒಬ್ಬ ವ್ಯಾಪಾರಿಯೊಡನೆ ಮಾತಾಡಿ ಒಂದು ಲಾಂಚ್ ತುಂಬ ಈರುಳ್ಳಿ ಗೊತ್ತುಮಾಡಿದ್ದರು. ಮುಷ್ಕರ ಮುಗಿದರೆ ಅದು ಬೇಡ, ಮುಗಿಯದಿದ್ದರೆ ಬೇಕು; ಯಾವುದು ಎಂಬುದನ್ನು ಸೋಮವಾರ ಬೆಳಿಗ್ಗೆ ಒಂಬತ್ತರೊಳಗೆ ಟೆಲೆಕ್ಸಿನಲ್ಲಿ ತಿಳಿಸಬೇಕು. ತಡವಾದರೆ ಲಾಂಚ್ ದುಬೈಗೆ ಹೋಗುತ್ತದೆ. ಆ ಸೋಮವಾರದ ಹಾಳೆಗೆ ಸೇಠರು ಎಂದಿಗಿಂತ ಅರ್ಧ ಗಂಟೆ ಮೊದಲೇ ಬಂದು ಕೂತಿದ್ದರು.

ವಾರ್ತೆಯಲ್ಲಿ ಮುಷ್ಕರದ ವಿಷಯ ಎರಡನೇ ಸುದ್ದಿ. ಟೈಪಾದ ಪುಟ ಬಂದಾಗ ನಾನು ಆಫೀಸರನ ಹಿಂದೆ ನಿಂತೇ ಓದಿದೆ. ಹಡಗು ಖಾತೆಯ ಮಂತ್ರಿ ನಿನ್ನೆ ರಾತ್ರಿ ದೆಹಲಿಯಲ್ಲಿ, ಮುಷ್ಕರ ಹಿಂತೆಗೆಯಲಾಗಿದೆ, ಇಂದು ಮಧ್ಯರಾತ್ರಿಯಿಂದ ಕೆಲಸ ಶುರುವಾಗಲಿದೆ ಎಂದು ತಿಳಿಸಿದರು. ಸರಕಾರದ ಕೊಡುಗೆಯನ್ನು ಪರಿಶೀಲಿಸಲು ಯೂನಿಯನ್ನುಗಳ ಸಮಿತಿ ಇಂದು ಬೆಳಿಗ್ಗೆ ಸೇರಲಿದೆ. ಇಷ್ಟೇ, ಎರಡು ವಾಕ್ಯ.

ಆಫೀಸರ್ ಬರೆದದ್ದು ಮೂರು ಪದ. ಬಂದರು ಮುಷ್ಕರ ಅಂತ್ಯ.

"ಸರ್," ಎಂದೆ, "ಮಂತ್ರಿ ಹೇಳಿದ್ದು ಅಂತ ಇಲ್ಲ."

"ಮಂತ್ರಿ ಸುಳ್ಳು ಹೇಳ್ತಾರಾ?"

"ಸುಳ್ಳು ಅಂತ ನಾನು ಹೇಳಿಲ್ಲ. ಮುಷ್ಕರ ಮಾಡಿದ್ದು ಮಂತ್ರಿ ಅಲ್ಲವಲ್ಲ. ಮಾಡಿದವರು ಈಗ ಸಭೆಗೆ ಹೋಗ್ತಾ ಇದ್ದಾರೆ, ಹೋಗಿ ಬಂದಿಲ್ಲ."

"ಅದು ಎರಡನೇ ವಾಕ್ಯ. ಹೆಡ್‌ಲೈನಿಗೆ ಮೊದಲನೇ ವಾಕ್ಯ ಸಾಕು. ನೀವು ಫ್ಯಾಕ್ಸ್ ಮಾಡಿ."

"ಇದನ್ನು ನಾನು ಮಾಡುವುದಿಲ್ಲ."

ಸ್ಟೆನೋ ಟೈಪ್ ನಿಲ್ಲಿಸಿದರು. ಆಫೀಸರನ ಕಿವಿ ಕೆಂಪಾಯಿತು. "ಏಳನೇ ಕ್ಲಾಸಿನವರ ಹತ್ತಿರ ನಾನು ಪತ್ರಿಕೋದ್ಯಮ ಕಲೀಬೇಕಾ?" ಎಂದ.

"ಏಳನ್ನೂ ಪೂರ್ತಿ ಮಾಡಿಲ್ಲ ಸರ್. ಅಷ್ಟರಲ್ಲೇ ಇದು ಗೊತ್ತಾಗ್ತದೆ."

ಇಷ್ಟು ಹೇಳಿ ನನ್ನ ಮೇಜಿಗೆ ಬಂದು ಮೂರು ಮನೆ ಎಳೆದೆ. ಹಡಗು ಖಾತೆ ಮಂತ್ರಿ, ದೆಹಲಿ, ಮುಷ್ಕರ ಹಿಂತೆಗೆತ, ಕೆಲಸ ಭಾರತದ ಗಂಟೆಯಲ್ಲಿ ಸೋಮವಾರ ಮಧ್ಯರಾತ್ರಿಯಿಂದ ಎಂದರು, ಭಾನುವಾರ ರಾತ್ರಿ. ಅದರ ಕೆಳಗೆ: ಯೂನಿಯನ್ ಸಮಿತಿ; ಸರಕಾರದ ಕೊಡುಗೆ ಪರಿಶೀಲಿಸಲು ಸಭೆ; ಸೋಮವಾರ ಬೆಳಿಗ್ಗೆ. 'ಇನ್ನೂ ಒಪ್ಪಿಲ್ಲ' ಎಂದು ಬರೆಯಲು ಕೈ ಹೋಯಿತು. ಬರೆದಿದ್ದರೆ ನನ್ನ ವಾದಕ್ಕೆ ಬಲ ಬರುತ್ತಿತ್ತು. ಆದರೆ ಒಪ್ಪಿಲ್ಲ ಎಂದು ವಾರ್ತೆ ಹೇಳಿರಲಿಲ್ಲ. ಪೆನ್ಸಿಲ್ ಎತ್ತಿಬಿಟ್ಟೆ.

ಆ ಎರಡು ಸಾಲಿನ ಹಾಳೆ ಹಿಡಿದು ನಾನು, ತನ್ನ ಹಾಳೆ ಹಿಡಿದು ಅವನು, ಒಟ್ಟಿಗೇ ಸೇಠರ ಕೋಣೆಗೆ ನುಗ್ಗಿದೆವು. ಸೇಠರು ಚಹಾದ ಗ್ಲಾಸು ಕೆಳಗಿಟ್ಟರು.

"ಒಂದು ವಾರ್ತೆಗೆ ಎರಡು ಹಾಳೆ ಯಾಕೆ?"

"ಇವರಿಗೆ ಕೆಲಸ ಬಿಡಲಿಕ್ಕೆ ಮನಸ್ಸಿಲ್ಲ ಸೇಠ್‌ಜಿ," ಎಂದ ಆಫೀಸರ್.

"ಹೌದು, ಮನಸ್ಸಿಲ್ಲ," ಎಂದೆ. "ಅದು ಬೇರೆ ಮಾತು. ನೀವು ಟೈಪಾದ ಪುಟದ ಈ ಎರಡು ವಾಕ್ಯ ಓದಿ ಸೇಠ್. ಆಮೇಲೆ ಎರಡು ಹಾಳೆಯಲ್ಲಿ ಯಾವುದು ಬೇಕೋ ಇಟ್ಟುಕೊಳ್ಳಿ."

ಓದಿದರು. ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ, ನನ್ನನ್ನೂ ನೋಡದೆ ಅವನನ್ನೂ ನೋಡದೆ, "ಕರಾಚಿಗೆ ಬೇಕು ಅಂತ ಹಾಕು," ಎಂದರು. ಟೆಲೆಕ್ಸ್ ಹಾಕಿದ್ದು ನಾನೇ. ಯಂತ್ರದ ಮುಂದೆ ಕೂತಾಗ ನನ್ನ ಎದೆ ಉಬ್ಬಿತ್ತು ಎಂದು ಹೇಳಲು ನನಗೇನೂ ನಾಚಿಕೆ ಇಲ್ಲ.

ಆದರೆ ಆದದ್ದು ಬೇರೆ. ಯೂನಿಯನ್ನಿನವರು ಮಧ್ಯಾಹ್ನದೊಳಗೆ ಸರಕಾರದ ಮಾತಿಗೆ ಒಪ್ಪಿಬಿಟ್ಟರು. ಮಧ್ಯರಾತ್ರಿಯಿಂದ ಕ್ರೇನು ತಿರುಗಿತು. ಬಂದರಿನಲ್ಲಿ ಕೊಳೆಯುತ್ತಾ ಕೂತಿದ್ದ ನಮ್ಮ ಮಾಲು ಮೊದಲ ಹಡಗಿಗೇ ಹತ್ತಿತು. ಅದೂ ಕರಾಚಿಯ ಲಾಂಚೂ ಎರಡು ದಿನದ ಅಂತರದಲ್ಲಿ ಮುತ್ರಾಕ್ಕೆ ಬಂದವು. ಸಹಮ್‌ನಲ್ಲಿ ನೆಲ ಕಾಣದ ಹಾಗೆ ಈರುಳ್ಳಿ. ಬೇಸಗೆ ಬೇರೆ. ಮೂಟೆಯೊಳಗೇ ಮೊಳಕೆ ಬಂದು, ನೀರೊಡೆದು, ವಾಸನೆ ರಸ್ತೆಯವರೆಗೆ.

ಸೇಠರು ಕರೆದರು. ಆಫೀಸರ್ ಅಲ್ಲೇ ಇದ್ದ.

"ಇವನ ಮೂರು ಪದ ನಿಜವಾಯಿತಲ್ಲ ಭಾಯ್," ಎಂದರು ಸೇಠರು.

"ಮಧ್ಯಾಹ್ನಕ್ಕೆ ನಿಜವಾಯಿತು ಸೇಠ್. ಬೆಳಿಗ್ಗೆ ಎಂಟಕ್ಕೆ ನಿಜ ಆಗಿರಲಿಲ್ಲ. ಹಾಳೆ ಎಂಟಕ್ಕೆ."

"ನನ್ನ ಈರುಳ್ಳಿ ಕೊಳೆಯುತ್ತಾ ಉಂಟು, ನೀನು ನನಗೆ ಗಡಿಯಾರ ತೋರಿಸುತ್ತೀಯಾ?"

"ತಗೊಳ್ಳಿ ಅಂತ ನಾನು ಬರೆದಿಲ್ಲ. ಯಾರು, ಏನು, ಯಾವಾಗ, ಅಷ್ಟೇ ಬರೆದದ್ದು."

ಅವರ ಮುಖ ಬಿಗಿಯಿತು. "ನೀನು ಆಫೀಸರ್ ಮಾತು ಮೀರಿದ್ದು ತಪ್ಪು, ನಿನ್ನ ಸಾಲೂ ತಪ್ಪು, ಅಂತ ಒಂದು ಕಾಗದ ಬರೆದು ಕೊಡು. ವಿಷಯ ಖಲಾಸ್. ಟೆಲೆಕ್ಸಿನಲ್ಲೇ ಇರು."

"ಮಾತು ಮೀರಿದ್ದು ಹೌದು, ಅದನ್ನು ಬರೆದು ಕೊಡುತ್ತೇನೆ. ಸಾಲು ತಪ್ಪು ಅಂತ ಬರೆಯುವುದಿಲ್ಲ."

"ಎರಡೂ ಬರೀಬೇಕು."

"ಹಾಗಾದರೆ ಒಂದೂ ಇಲ್ಲ."

ಮಾರನೇ ದಿನವೇ ನನ್ನನ್ನು ಸಹಮ್ ಗೋದಾಮಿಗೆ ಹಾಕಿದರು. ಹೊರಡುವಾಗ ಸ್ಟೆನೋ ಮೆಟ್ಟಿಲವರೆಗೆ ಬಂದರು. "ಅಣ್ಣಾ, ಒಂದು ಸಾಲು ಬರೆದು ಬಿಸಾಡಿದ್ರೆ ಆಗ್ತಿತ್ತು. ನಿಮಗೆ ಎಂತ ಹಟ ಅಂತ."

"ಬೇರೆ ಸಾವಿರಾರು ಸಾಲು ಬರೆದಿದ್ದೇನಲ್ಲ ಬಾಯಮ್ಮಾ. ಇದನ್ನು ತಪ್ಪು ಅಂದ್ರೆ ಅವಕ್ಕೆಲ್ಲ ಎಂತ ಹೇಳುವುದು?"

"ಹೆಂಡತಿಗೆ ಎಂತ ಹೇಳ್ತೀರಿ?"

ಊರಿಗೆ ಬರೆದ ಕಾಗದದಲ್ಲಿ, ಕಂಪನಿಯವರು ಸಮುದ್ರದ ಹತ್ತಿರ ಹಾಕಿದ್ದಾರೆ, ಗಾಳಿ ಒಳ್ಳೆಯದು ಎಂದಷ್ಟೇ ಬರೆದೆ.

ಸಹಮ್‌ನಲ್ಲಿ ನನ್ನ ಮೊದಲ ಕೆಲಸ ಆ ಈರುಳ್ಳಿಯನ್ನು ಆರಿಸುವುದೇ. ಬೇರೆಯವರಿಗೆ ಹೇಳದೆ ನಾನೇ ಅಂಗಿಯ ತೋಳು ಮಡಚಿ ಕೂತೆ. ಒಳ್ಳೆಯದು ಒಂದು ಕಡೆ, ಇಂದೇ ಮಾರಬೇಕಾದದ್ದು ಒಂದು ಕಡೆ, ಉಳಿದದ್ದು ತೋಟದವರ ಆಡುಗಳಿಗೆ. ಗೋದಾಮಿನ ಬಲೂಚಿ ಡ್ರೈವರ್ ಮೂಗು ಮುಚ್ಚಿಕೊಂಡು ಹಿಂದಿಯಲ್ಲಿ ಕೇಳಿದ, "ಇದನ್ನು ತರಿಸಿದ ಮಹಾಶಯ ಯಾರು?"

"ಅವನ ಎದುರಿಗೇ ನಿಂತಿದ್ದೀ," ಎಂದೆ. ಅವನು ಅರ್ಧ ಗಂಟೆ ನಕ್ಕ, ಆಮೇಲೆ ತಾನೂ ಕೂತು ಆರಿಸಿದ.

ಎಂಟು ಗಂಟೆಗೆ ಫ್ಯಾಕ್ಸಿನಿಂದ ಆಫೀಸರನ ಹಾಳೆ ಬರುತ್ತಿತ್ತು. ಚಂದದ ಹಾಳೆ, ದಪ್ಪ ಅಕ್ಷರ, ಪಟ್ ಎಂದು ಹೊಡೆಯುತ್ತಿತ್ತು. ರಫ್ತಿಗೆ ಹಸಿರು ನಿಶಾನೆ. ಬೇಳೆ ಬೆಲೆ ಏರಿಕೆ. ಡ್ರೈವರುಗಳು ನನ್ನ ಹತ್ತಿರ ಬಂದು ಕೇಳುವುದು, ನಿಶಾನೆ ಯಾರು ತೋರಿಸಿದ್ದು, ಏರಿದ್ದು ಎಲ್ಲಿ, ಯಾವತ್ತಿನಿಂದ? ನನಗೇನು ಗೊತ್ತು? ಗೊತ್ತಿಲ್ಲ ಎಂದೇ ಹೇಳುತ್ತಿದ್ದೆ. ಹೀಗೆ ಮೂರು ತಿಂಗಳು ಕಳೆಯಿತು.

ಒಂದು ಬೆಳಿಗ್ಗೆ ಸೇಠರೇ ಫೋನು ಮಾಡಿದರು. ಸ್ಟಾಕ್ ಕೇಳಿದರು, ಮಳೆ ಹನಿಯಿತಾ ಕೇಳಿದರು. ಆಮೇಲೆ, "ಇವನ ಹಾಳೆ ಓದಿದ ಮೇಲೆ ನಾನು ನಾಲ್ಕು ಪುಟವನ್ನೂ ತರಿಸಿ ಓದಬೇಕಾಗುತ್ತದೆ," ಎಂದರು. "ದಿನವೂ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಶನಿವಾರ ಬಾ. ನಿನ್ನ ಮೇಜು ಹಾಗೆಯೇ ಉಂಟು."

"ಕಾಗದ?"

"ಯಾವ ಕಾಗದ?"

"ಸಾಲು ತಪ್ಪು ಅಂತ ಬರೆದು ಕೊಡಲಿಕ್ಕೆ ಹೇಳಿದ್ದಿರಲ್ಲ."

ಬೇಡ ಎಂದು ಅವರು ಹೇಳಲಿಲ್ಲ. ಅವರೂ ಹಟಗಾರರೇ, ಮೂರು ತಲೆಮಾರಿನ ಹಟ. ಬೇಡ ಎಂಬ ಒಂದು ಪದ ಸಿಕ್ಕಿದ್ದರೆ ನಾನು ಅಂದೇ ಟ್ಯಾಕ್ಸಿ ಹತ್ತುತ್ತಿದ್ದೆನೋ ಏನೋ. ಸಿಗಲಿಲ್ಲ.

"ನಾನು ಬರುವುದಿಲ್ಲ ಸೇಠ್," ಎಂದೆ. "ಪುಟಗಳನ್ನು ಇಲ್ಲಿಗೆ ಫ್ಯಾಕ್ಸ್ ಮಾಡಿಸಿ. ಏಳೂವರೆಗೆ ನನಗೆ ಸಿಕ್ಕಿದರೆ ಎಂಟಕ್ಕೆ ನಿಮಗೆ ಹತ್ತು ಸಾಲು. ಆಫೀಸರ್ ಆ ಕುರ್ಚಿಯಲ್ಲೇ ಇರಲಿ, ಅವನ ಹೊಟ್ಟೆಗೂ ಬೇಕಲ್ಲ. ಆದರೆ ನನ್ನ ಸಾಲನ್ನು ಯಾರೂ ಮುಟ್ಟಬಾರದು."

"ಷರತ್ತು ನೀನು ಹಾಕುವುದಾ?"

"ಬರೆಯುವುದು ನಾನಲ್ಲವಾ?"

ಫೋನು ಇಟ್ಟುಬಿಟ್ಟರು. ಕೆಲಸ ಹೋಯಿತು ಎಂದೇ ತಿಳಿದೆ. ಸಂಜೆಯೊಳಗೆ ಟ್ರಂಕಿನ ಬೀಗ ಎಲ್ಲಿದೆ ಎಂದು ಹುಡುಕಿಯೂ ಇಟ್ಟೆ. ಮಾರನೇ ಬೆಳಿಗ್ಗೆ ಏಳು ಮೂವತ್ತೆರಡಕ್ಕೆ ಫ್ಯಾಕ್ಸ್ ಕಿರ್ ಎಂದಿತು. ನಾಲ್ಕು ಪುಟ, ಸ್ಟೆನೋ ಟೈಪ್. ಮೊದಲ ಪುಟದ ಮೂಲೆಯಲ್ಲಿ ಆಕೆಯ ಕೈಬರಹದಲ್ಲಿ, 'ಹಟಮಾರಿಗಳಿಗೆ ನಮಸ್ಕಾರ.' ಅಕ್ಕಿ ಮೂಟೆಯ ಮೇಲೆ ಹಲಗೆ ಇಟ್ಟು, ಮೂರು ಮನೆ ಎಳೆದು ಕೂತೆ. ಎಂಟಕ್ಕೆ ಮೂರು ನಿಮಿಷ ಇರುವಾಗ ಹಾಳೆ ಮುತ್ರಾಕ್ಕೆ ಹೋಯಿತು.

ಎಂಟು ಹತ್ತಕ್ಕೆ ಫೋನು.

"ಆರನೇ ಸಾಲಿನಲ್ಲಿ 'ಯಾವಾಗ' ಇಲ್ಲ," ಎಂದರು ಸೇಠರು. ನಮಸ್ಕಾರವೂ ಇಲ್ಲ, ಏನೂ ಇಲ್ಲ.

"ವಾರ್ತೆಯಲ್ಲಿ ಇಲ್ಲ ಸೇಠ್. ಎರಡನೇ ಪುಟ ನೋಡಿ, ಕೆಳಗಿನಿಂದ ನಾಲ್ಕನೇ ಸಾಲು. ಹೊಸ ಸುಂಕ ಬರುತ್ತದೆ ಎಂದು ಕಾರ್ಯದರ್ಶಿ ಹೇಳಿದ್ದಾರೆ, ಯಾವಾಗಿನಿಂದ ಎಂದು ಹೇಳಿಲ್ಲ. ಅದಕ್ಕೇ ಮನೆ ಖಾಲಿ ಬಿಟ್ಟದ್ದು."

ಕಾಗದ ಮಗುಚುವ ಸದ್ದು ಕೇಳಿತು. ಅವರು, "ಖಾಲಿಯೇ ಇರಲಿ," ಎಂದು ಫೋನು ಇಟ್ಟರು.

ಮುಂದೆ ನಾನು ಸಹಮ್‌ನಲ್ಲಿದ್ದ ಆರು ವರ್ಷವೂ ಶುಕ್ರವಾರ ಬಿಟ್ಟು ದಿನವೂ ಎಂಟು ಹತ್ತಕ್ಕೆ ಆ ಫೋನು ಬಂತು. ಒಂದು ದಿನವೂ ಹೊಗಳಲಿಲ್ಲ. ನಾನೂ ಆ ಕಾಗದ ಬರೆದು ಕೊಡಲಿಲ್ಲ.